ಕಂದಿಗೂ ಕಂದು: ಚಕ್ರಬಡ್ಡಿ, 15 ಸೆಕೆಂಡ್ ರೀಲ್ ಸ್ಕ್ರಿಪ್ಟ್

ಜಾಗ: ಬದಿಯಡ್ಕದ ಹತ್ತಿರದ ತೋಟ, ಬೆಳಗ್ಗೆ. ಮೊಬೈಲ್ ನೆಟ್ಟಗೆ, ಸ್ಟ್ಯಾಂಡ್ ಮೇಲೆ. ಅಜ್ಜಿ, ಹೈಸ್ಕೂಲ್ ಪುಳ್ಳಿ.

0–3 ಸೆಕೆಂಡ್
ಒಂದೇ ಬಾಳೆಗಿಡ. ದಿಂಡಿಗೆ ಬಾಳೆನಾರಲ್ಲಿ ಕಟ್ಟಿದ ರಟ್ಟು: ₹10,000.
ದನಿ: "ಈ ಬಾಳೆ ನೀವಿಟ್ಟ ಹತ್ತು ಸಾವಿರ. ಬುಡದ ಕಂದು, ಬಡ್ಡಿ."

3–6 ಸೆಕೆಂಡ್
ಪುಳ್ಳಿ ಪಿಕ್ಕಾಸು ಹಾಕಿ ಕಂದನ್ನು ಕೀಳುತ್ತಾಳೆ, ಚೀಲಕ್ಕೆ ಹಾಕುತ್ತಾಳೆ. ಇನ್ನೊಂದು ಕಂದು, ಅದೂ ಚೀಲಕ್ಕೆ.
ದನಿ: "ಕಿತ್ತು ಮಾರಿದರೆ ಬಾಳೆ ಒಂದೇ."
ಪರದೆ: ಬಡ್ಡಿ ತೆಗೆಯುತ್ತಾ ಹೋದರೆ, 27 ವರ್ಷಕ್ಕೆ ಎಲ್ಲ ಸೇರಿ ₹31,600

6–12 ಸೆಕೆಂಡ್
ಮತ್ತೆ ಅದೇ ಜಾಗ, ಅದೇ ಒಂದು ಗಿಡ. ಟಪ್, ಎರಡು. ಟಪ್, ನಾಲ್ಕು. ಟಪ್, ಎಂಟು. ಚೌಕಟ್ಟು ತುಂಬಬೇಕು, ಪುಳ್ಳಿ ಎಲೆಗಳ ಹಿಂದೆ ಮರೆಯಾಗಬೇಕು.
ದನಿ: "ಬಿಟ್ಟರೆ? ಕಂದಿಗೂ ಕಂದು. ಬಡ್ಡಿಗೂ ಬಡ್ಡಿ."
ಪರದೆ, ಪ್ರತಿ ಟಪ್‌ಗೆ: 9 ವರ್ಷ ₹20,000 / 18 ವರ್ಷ ₹40,000 / 27 ವರ್ಷ ₹80,000
ಕೆಳಗೆ ಸಣ್ಣದಾಗಿ, ಆದರೆ ಓದುವಷ್ಟು: ವರ್ಷಕ್ಕೆ 8% ಅಂತ ಇಟ್ಟುಕೊಂಡು, ಸುಮಾರು ಲೆಕ್ಕ

12–15 ಸೆಕೆಂಡ್
ಎಲೆ ಸರಿಸಿ ಪುಳ್ಳಿ ಮತ್ತೆ ಪಿಕ್ಕಾಸು ಎತ್ತುತ್ತಾಳೆ. ಅಜ್ಜಿಯ ಕೈ ಮಾತ್ರ ಬಂದು ಹಿಡಿಯುತ್ತದೆ.
ಅಜ್ಜಿ: "ಕೀಳ್ಬೇಡ ಮಾರಾಯ್ತಿ, ಅದಕ್ಕೂ ಮಕ್ಕಳಾಗಲಿ."
ಕಟ್. ಸಂಗೀತ ಬೇಡ.

ಶೂಟಿಂಗ್‌ಗೆ ಬರುವವರಿಗೆ:

ಗೊನೆ ಹಾಕಿದ ಗಿಡ ಎಲ್ಲೂ ಕಾಣಬಾರದು. ಗೊನೆ ಕಡಿದರೆ ತಾಯಿಗಿಡದ ಕಥೆ ಮುಗಿಯಿತು, ಅಸಲು ಹಾಗೆ ಸಾಯುವುದಿಲ್ಲ. ನಮ್ಮೂರಲ್ಲಿ ಇದನ್ನು ಹಿಡಿಯದೆ ಬಿಡುವವರು ಯಾರಿದ್ದಾರೆ? ಅಡಕೆಮರ ಇಟ್ಟರೆ ಚಂದ ಕಾಣುತ್ತಿತ್ತು, ಆದರೆ ಅದರ ಬುಡದಲ್ಲಿ ಕಂದು ಬರುವುದಿಲ್ಲ.

ನಿಜವಾದ ಬಾಳೆ ಎರಡಾಗಲು 9 ವರ್ಷ ಕಾಯುವುದಿಲ್ಲ, ಗೊತ್ತು. ಅದಕ್ಕೇ ವರ್ಷದ ಲೆಕ್ಕ ಪರದೆಯಲ್ಲಿ ಮಾತ್ರ, ದನಿಯಲ್ಲಿಲ್ಲ. 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗುವ ವರ್ಷ ಸುಮಾರಾಗಿ ಸಿಗುತ್ತದೆ. 8% ಅಂದರೆ 9. ಸರಿಯಾಗಿ ಗುಣಿಸಿದರೆ 27 ವರ್ಷಕ್ಕೆ ₹79,881. ಎಂಟು ಗಿಡಕ್ಕೆ ಎಂಬತ್ತು ಸಾವಿರ ಅಂದರೆ ಕಣ್ಣಿಗೆ ಹತ್ತುತ್ತದೆ, ಹಾಗಾಗಿ ಅದನ್ನೇ ಇಟ್ಟೆ. ಎಡವಟ್ಟಾಗದಂತೆ "ಸುಮಾರು" ಅನ್ನುವ ಪದ ಅಳಿಸಬೇಡಿ.

ಟಪ್ ಶಾಟ್‌ಗೆ ಸ್ಟ್ಯಾಂಡ್ ಕದಲಿಸಬೇಡಿ. ಮೋಡ ಬಂದರೆ ನಿಲ್ಲಿಸಿ, ಬೆಳಕು ಬದಲಾದರೆ ಗಿಡಗಳು ಹಾರಿದ ಹಾಗೆ ಕಾಣುತ್ತವೆ. ಹಿಂದಿನ ದಿನವೇ ಏಳು ಕಂದು ಕಿತ್ತಿಟ್ಟುಕೊಳ್ಳಿ, ಎತ್ತರ ಬೇರೆಬೇರೆ ಇರಲಿ.

ಕೆಳಗೆ ಹಾಕುವ ಬರಹ: "ಎಫ್‌ಡಿ ಇಡುವಾಗ ಬಡ್ಡಿ ತಿಂಗಳು ತಿಂಗಳು ಕೈಗೆ ಬೇಕಾ, ಅಲ್ಲೇ ಸೇರಲಾ ಅಂತ ಕೇಳ್ತಾರೆ ಅಲ್ವಾ? ಮನೆಖರ್ಚಿಗೆ ಬೇಕಿದ್ದರೆ ಕೀಳಿ, ತಪ್ಪೇನಿಲ್ಲ. ಬೇಡದಿದ್ದರೆ ಬುಡದಲ್ಲೇ ಬಿಡಿ."