ನಾಗರಾಜಣ್ಣನ ಮನೆಯವರಿಗೆ

ತೀರ್ಥಹಳ್ಳಿ
26 ಜುಲೈ 2025

ಪ್ರೀತಿಯ ಸುಮಿತ್ರಾ ಅತ್ತಿಗೆಗೆ, ಅಮ್ಮನಿಗೆ, ಅನುಷಾ ಮತ್ತು ಚೇತನನಿಗೆ,

ಕಾಗದದ ಮೊದಲ ಸಾಲಿನಲ್ಲಿ 'ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಬರೆಯುವುದು ರೂಢಿ. ಈ ಕಾಗದದಲ್ಲಿ ಆ ಸಾಲನ್ನು ಬಿಟ್ಟಿದ್ದೇನೆ.

ಜುಲೈ 8ರಂದು ಬೆಳಗ್ಗೆ ನಾವೆಲ್ಲ ನಿಮ್ಮ ಮನೆ ಅಂಗಳದಲ್ಲಿ ನಿಂತಿದ್ದೆವು. ಹನ್ನೊಂದನೇ ದಿನದ ಕಾರ್ಯಕ್ಕೂ ಬಂದೆವು. ಎರಡು ಸಲವೂ ನಿಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ಅಮ್ಮನ ಕಾಲು ಮುಟ್ಟಿ, ಚೇತನನ ಹೆಗಲ ಮೇಲೆ ಕೈಯಿಟ್ಟು, ಸುಮ್ನೆ ವಾಪಸ್ ಬಂದೆ. ಫೋನ್ ಮಾಡೋಣ ಎಂದು ಎಷ್ಟೋ ಸಲ ಕೈಗೆ ತೆಗೆದುಕೊಂಡೆ. ನೀವು 'ಹಲೋ' ಎಂದಮೇಲೆ ಏನು ಹೇಳುವುದು ಎಂದೇ ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದವರ ಮನೆಗೆ ಒಂದು ಕಾಗದವಾದರೂ ಬರಬೇಕಲ್ವಾ.

ನಾಗರಾಜಣ್ಣ ಇನ್ನಿಲ್ಲ ಎನ್ನುವುದು ನಮಗೆ ಆಫೀಸಿನಲ್ಲಿ ಇನ್ನೂ ಅಭ್ಯಾಸವಾಗಿಲ್ಲ. ಬೆಳಗ್ಗೆ ಟಪಾಲು ಚೀಲ ಬರುತ್ತದೆ. ಸೀಲು ಒಡೆದು ಮೇಜಿನ ಮೇಲೆ ಸುರಿಯುತ್ತೇವೆ. ವಿಂಗಡಿಸುವಾಗ ವಿಳಾಸ ಓದಲಾಗದ ಒಂದಾದರೂ ಕವರು ಸಿಕ್ಕೇ ಸಿಗುತ್ತದೆ. ಅದನ್ನು ಎತ್ತಿ ಹಿಡಿದು 'ನಾಗರಾಜಣ್ಣ, ಇದ್ಯಾರದು ನೋಡಿ' ಎನ್ನುವುದು ನನ್ನ ಬಾಯಿಗೆ ಬಂದುಬಿಟ್ಟಿದೆ. ಹೋದ ಸೋಮವಾರವೂ ಹಾಗೇ ಅಂದೆ. ಯಾರೂ ಏನೂ ಹೇಳಲಿಲ್ಲ. ಆ ಕವರನ್ನು ಪಕ್ಕಕ್ಕಿಟ್ಟೆ.

ಆ ವಿಷಯದಲ್ಲಿ ಅವರ ತಲೆಯೇ ಬೇರೆ. ಪಿನ್‌ಕೋಡ್ ಹೇಳಿದರೆ ಊರು ಹೇಳುತ್ತಿದ್ದರು, ಊರು ಹೇಳಿದರೆ ಪಿನ್‌ಕೋಡ್. ಸಾಗರ 577401, ಶೃಂಗೇರಿ 577139, ಪುಸ್ತಕ ತೆಗೆಯಲೇಬೇಕಿರಲಿಲ್ಲ. ಆದರೆ ನನಗೆ ಜಾಸ್ತಿ ನೆನಪಿರುವುದು ಪಿನ್‌ಕೋಡೇ ಇಲ್ಲದ ಒಂದು ಕಾಗದ. ಏಳೆಂಟು ವರ್ಷದ ಹಿಂದಿನ ಮಾತು. ವಿಳಾಸದಲ್ಲಿ ಇದ್ದದ್ದು ಇಷ್ಟೇ: 'ಸುಬ್ಬಣ್ಣ, ಹಲಸಿನ ಮರದ ಮನೆ, ತೀರ್ಥಹಳ್ಳಿ.' ಮಲೆನಾಡಿನಲ್ಲಿ ಹಲಸಿನ ಮರ ಇಲ್ಲದ ಮನೆ ಯಾವುದು? ವಾಪಸ್ ಕಳಿಸೋಣ ಎಂದೆ ನಾನು. 'ತಡಿ ಮಾರಾಯ, ಬರೆದವನಿಗೆ ಒಂದೇ ಹಲಸಿನ ಮರ ಗೊತ್ತಿರಬೇಕು' ಎಂದು ಕವರನ್ನು ತಮ್ಮ ಚೀಲದಲ್ಲಿ ಹಾಕಿಕೊಂಡರು. ಮೂರನೇ ದಿನ ಸಂಜೆ ಬಂದು ಹೇಳಿದರು, ಕೊಟ್ಟಾಯಿತು ಎಂದು. ಮರ ಬಿದ್ದು ಆರು ವರ್ಷವಾಗಿತ್ತಂತೆ. ಹೆಸರು ಮಾತ್ರ ಮನೆಗೆ ಹಾಗೇ ಅಂಟಿಕೊಂಡಿತ್ತು. ಆ ಸುಬ್ಬಣ್ಣನವರು ಕಾರ್ಯದ ದಿನ ಬಂದಿದ್ದರು ಅತ್ತಿಗೆ. ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದರು. ನಿಮಗೆ ಗುರುತು ಸಿಕ್ಕಿರಲಿಕ್ಕಿಲ್ಲ, ಬಿಳಿ ಗಡ್ಡ, ಕೈಯಲ್ಲಿ ಊರುಗೋಲು.

ಮಳೆಗಾಲದಲ್ಲಿ ಅವರು ಮನೆಗೆ ನೆನೆದು ಬರುತ್ತಿದ್ದರು ಎಂದು ನೀವು ಬೈಯುತ್ತಿದ್ದಿರಂತೆ. ಅವರೇ ನಗುತ್ತಾ ಹೇಳಿದ್ದರು. ಅದಕ್ಕೆ ಕಾರಣ ಹೇಳಿದ್ದರೋ ಇಲ್ಲವೋ. ಜೋರು ಮಳೆ ಬಂದರೆ ಅವರು ರೇನ್‌ಕೋಟನ್ನು ಬಿಚ್ಚಿ ಚೀಲಕ್ಕೆ ಸುತ್ತುತ್ತಿದ್ದರು. 'ನಾನು ಒಣಗ್ತೀನಿ, ಶಾಯಿ ಒಣಗಲ್ಲ' ಎನ್ನುತ್ತಿದ್ದರು. ಮನಿಯಾರ್ಡರಿನಲ್ಲಿ ಪಿಂಚಣಿ ಬರುತ್ತಿದ್ದ ಕಾಲದಲ್ಲಿ ಎಷ್ಟೋ ಅಜ್ಜಿಯರು ಅವರ ಸೈಕಲ್ ಬೆಲ್ಲಿಗೆ ಜಗಲಿಗೆ ಬಂದು ಕೂರುತ್ತಿದ್ದರು. ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟನ್ನು ಎರಡು ಸಲ ಎಣಿಸಿ ಕೈಗಿಟ್ಟು, ಆಮೇಲೆ ಮಾತ್ರ ಕಾಫಿ ಕುಡಿಯುತ್ತಿದ್ದರು. ಕಾಫಿ ಮೊದಲು ಕುಡಿದರೆ ದುಡ್ಡು ಕೊಟ್ಟಿದ್ದಕ್ಕೆ ಕಾಫಿ ಅನ್ನಿಸಿಬಿಡುತ್ತದೆ ಎಂಬುದು ಅವರ ಲೆಕ್ಕ. ನನಗೆ ಈ ಲೆಕ್ಕ ಕೊನೆಗೂ ಅರ್ಥವಾಗಲಿಲ್ಲ, ಎರಡೂ ಸಂದರ್ಭದಲ್ಲಿ ಕಾಫಿ ಒಂದೇ ಅಲ್ವಾ! ಅವರಿಗೆ ಮಾತ್ರ ಅದು ಒಂದೇ ಆಗಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಹೇಳಲು ಸ್ವಲ್ಪ ನಾಚಿಕೆ. ಅವರು ತೀರಿಕೊಂಡ ದಿನ ಆಫೀಸಿನ ಮುಂದೆ ಇಡಲು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಬರೆದೆ. 'ನಮ್ಮ ಕಛೇರಿಯ ಹಿರಿಯ ಸಹೋದ್ಯೋಗಿಗೆ ಬಾವಪೂರ್ಣ ಶ್ರದ್ದಾಂಜಲಿ.' ಬರೆದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ಹೊಳೆಯಲಿಲ್ಲ. ನಮ್ಮ ಆಫೀಸಿನ ಯಾವ ಬೋರ್ಡಿನಲ್ಲಿ ತಪ್ಪಿದ್ದರೂ ಹಿಡಿಯುತ್ತಿದ್ದವರು ಅವರೊಬ್ಬರೇ ನೋಡಿ. 'ಗಿರೀಶ, ಕಛೇರಿ ಅಲ್ಲ, ಕಚೇರಿ. ಆ ಛ ಎಲ್ಲಿಂದ ತಂದೆ?' ಎಂದು ಎಷ್ಟು ಸಲ ಹೇಳಿದ್ದರೋ. ಜೇಬಿನಲ್ಲಿ ಒಂದು ಕೆಂಪು ಪೆನ್ನು ಇದ್ದೇ ಇರುತ್ತಿತ್ತು. ನಾನು ಬರೆದ ರಜೆ ಅರ್ಜಿಯನ್ನೂ ತಿದ್ದಿ ಕೊಟ್ಟಿದ್ದರು. 'ಮಹಾಪ್ರಾಣ ತಿಂದುಬಿಡ್ತೀಯಲ್ಲೋ, ಬೆಳಗ್ಗೆ ತಿಂಡಿ ಸಾಲಲ್ವಾ?' ಎನ್ನುತ್ತಿದ್ದರು.

ಅರ್ಧ ಗಂಟೆಯಾದ ಮೇಲೆ ಹೊಳೆಯಿತು. 'ಶ್ರದ್ದಾಂಜಲಿ' ಅಲ್ಲ, 'ಶ್ರದ್ಧಾಂಜಲಿ'. 'ಬಾವ' ಅಲ್ಲ, 'ಭಾವ'. ಕಛೇರಿಯಂತೂ ಇದ್ದೇ ಇತ್ತು. ಒಂದು ಸಾಲಿನಲ್ಲಿ ಮೂರು ತಪ್ಪು, ಅದೂ ಅವರ ಹೆಸರಿಗೆ. ಒದ್ದೆ ಬಟ್ಟೆ ತಂದು ಎಲ್ಲವನ್ನೂ ಒರೆಸಿದೆ. ಮತ್ತೆ ನಿಧಾನವಾಗಿ ಬರೆದೆ. ಧ ಒತ್ತಕ್ಷರ ಬರೆಯುವಾಗ ಕೈ ನಿಂತುಬಿಟ್ಟಿತು. ಅಲ್ಲಿವರೆಗೂ ನಾನು ಅತ್ತಿರಲಿಲ್ಲ ಅತ್ತಿಗೆ.

ಅವರ ಡ್ರಾಯರ್ ಖಾಲಿ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಪೋಸ್ಟ್‌ಮಾಸ್ಟರ್ ಮೇಡಂ ಮತ್ತು ನಾನು ಸೇರಿ ತೆಗೆದೆವು. ಒಂದು ಸ್ಟೀಲ್ ಡಬ್ಬಿ, ಕಷಾಯದ ಪುಡಿಯ ಪೊಟ್ಟಣ, ಓದುವ ಕನ್ನಡಕ. ನಿಂಬೆಹಣ್ಣಿನ ಗಾತ್ರದ ರಬ್ಬರ್ ಬ್ಯಾಂಡಿನ ಉಂಡೆ, ಕಾಗದದ ಕಟ್ಟುಗಳಿಂದ ಒಂದೊಂದಾಗಿ ಬಿಡಿಸಿ ಸುತ್ತಿದ್ದು. ಅನುಷಾಳ ಏಳನೇ ಕ್ಲಾಸಿನ ಫೋಟೋ, ಎರಡು ಜಡೆ. ಚೇತನ ಚಿಕ್ಕವನಿದ್ದಾಗ ಇನ್‌ಲ್ಯಾಂಡ್ ಲೆಟರಿನಲ್ಲಿ 'ಅಪ್ಪ, ಬರುವಾಗ ಬಲೂನು ತಾ' ಎಂದು ಬರೆದು ಪೋಸ್ಟ್ ಡಬ್ಬಿಗೆ ಹಾಕಿದ್ದನಲ್ಲ, ಅದೂ ಇದೆ. ಅದರ ಮೇಲೆ ನಮ್ಮ ಆಫೀಸಿನ ಠಸ್ಸೆ ಬಿದ್ದಿದೆ. ತಮ್ಮ ಮನೆಯ ಕಾಗದವನ್ನೂ ಠಸ್ಸೆ ಹಾಕಿಸಿಯೇ ತೆಗೆದುಕೊಂಡಿದ್ದಾರೆ ಪುಣ್ಯಾತ್ಮ. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇವೆ.

ಇನ್ನು ಮುಂದಿನದನ್ನು ಈಗಲೇ ಓದಬೇಕಿಲ್ಲ. ಬೇಕೆನಿಸಿದಾಗ ಓದಿ, ಅಥವಾ ಅನುಷಾ ಓದಲಿ. ಕಾಗದಪತ್ರದ ಕೆಲಸ ನಮ್ಮದು. ನಾಗರಾಜಣ್ಣ 1996ರಲ್ಲಿ ಸೇರಿದವರು, ಹಾಗಾಗಿ ಹಳೇ ಪಿಂಚಣಿ ನಿಯಮವೇ ಅನ್ವಯಿಸುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಮೊದಲ ಹತ್ತು ವರ್ಷ ಕೊನೆಯ ಮೂಲ ಸಂಬಳದ ಶೇ. 50ರಷ್ಟು, ಆಮೇಲೆ ಶೇ. 30ರಷ್ಟು ಕುಟುಂಬ ಪಿಂಚಣಿ ನಿಮ್ಮ ಹೆಸರಿಗೆ ಬರುತ್ತದೆ. ಅದರ ಮೇಲೆ ತುಟ್ಟಿಭತ್ಯೆ ಬೇರೆ. ಗ್ರಾಚ್ಯುಟಿ, ಜಿಪಿಎಫ್, ಅಂಚೆ ಜೀವ ವಿಮೆ, ಇವಕ್ಕೆ ಬೇರೆ ಬೇರೆ ಅರ್ಜಿ. ಮರಣ ಪ್ರಮಾಣಪತ್ರಕ್ಕೆ ಪಂಚಾಯಿತಿಯಲ್ಲಿ ಬರೆಸಿದ್ದಾಗಿದೆ ಎಂದು ನಿಮ್ಮ ತಮ್ಮ ಹೇಳಿದರು. 21 ದಿನದೊಳಗೆ ಬರೆಸಿದ್ದು ಒಳ್ಳೆಯದೇ ಆಯಿತು. ಅದರ ಪ್ರತಿಗಳನ್ನು ಒಂದಷ್ಟು ಜಾಸ್ತಿಯೇ ತೆಗೆಸಿಡಿ, ಎಲ್ಲ ಕಡೆ ಕೇಳುತ್ತಾರೆ. ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಪ್ಯಾನ್ ಕಾರ್ಡಿನಲ್ಲಿ ನಿಮ್ಮ ಹೆಸರು ಒಂದೇ ಥರ ಇದೆಯಾ ಎಂದು ಅನುಷಾ ಒಮ್ಮೆ ನೋಡಲಿ. ಒಂದು ಅಕ್ಷರ ಆಚೀಚೆ ಇದ್ದರೂ ಅರ್ಜಿ ವಾಪಸ್ ಬರುತ್ತದೆ. ನೀವು ಶಿವಮೊಗ್ಗಕ್ಕೆ ಅಲೆಯುವುದು ಬೇಡ. ಫಾರಂಗಳನ್ನು ನಾನೇ ತಂದು, ತುಂಬಿಸಿ, ಸಹಿ ಮಾಡಿಸಿಕೊಂಡು ಹೋಗುತ್ತೇನೆ.

ಅನುಕಂಪದ ಆಧಾರದ ಕೆಲಸದ ವಿಷಯ ಯಾರಾದರೂ ಬಂದು ಮಾತಾಡಬಹುದು. ಅದಕ್ಕೂ ಅರ್ಜಿ ಹಾಕೋಣ. ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ, ಸುಳ್ಳು ಭರವಸೆ ಕೊಡಲು ಮನಸ್ಸಿಲ್ಲ. ಆದರೆ 'ಮಾಡಿಸಿಕೊಡ್ತೀನಿ, ಇಷ್ಟು ಕೊಡಿ' ಎಂದು ಯಾರು ಕೇಳಿದರೂ ಒಂದು ರೂಪಾಯಿ ಕೊಡಬೇಡಿ. ನನಗೆ ಒಂದು ಫೋನ್ ಮಾಡಿ ಸಾಕು. ಅನುಷಾ ಬಿ.ಎಡ್. ನಿಲ್ಲಿಸುತ್ತೇನೆ ಎಂದಳಂತೆ. ನಾನು ಹೇಳುವುದು ಸರಿಯೋ ಇಲ್ಲವೋ, ಈಗ ನಿರ್ಧಾರ ಮಾಡಬೇಡ ಮಗಳೇ. 'ನನ್ನ ಮಗಳು ಕನ್ನಡ ಟೀಚರ್ ಆಗ್ತಾಳೆ, ಆಗ ಈ ಕೆಂಪು ಪೆನ್ನು ಅವಳಿಗೆ' ಎಂದು ನಿನ್ನಪ್ಪ ಆಫೀಸಿನಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಚೇತನ, ನೀನು ಸೆಕೆಂಡ್ ಪಿಯುಸಿಯ ಲೆಕ್ಕಕ್ಕೆ ಮೊದಲಿನ ಹಾಗೆ ಸಂಜೆ ಆಫೀಸಿಗೇ ಬಾ. ಅಪ್ಪನ ಕುರ್ಚಿಯಲ್ಲಿ ಕೂತು ಮಾಡು. ಅಲ್ಲಿ ಬೇರೆ ಯಾರೂ ಕೂತಿಲ್ಲ.

ಅತ್ತಿಗೆ, ಒಂದು ಸಾಲದ ವಿಷಯ. ಹೋದ ದೀಪಾವಳಿಗೆ ನಾನು ನಾಗರಾಜಣ್ಣನ ಹತ್ತಿರ ಐದು ಸಾವಿರ ಕೈಗಡ ತೆಗೆದುಕೊಂಡಿದ್ದೆ. ನನ್ನ ಹೆಂಡತಿಗೆ ಆಸ್ಪತ್ರೆಯಾಗಿತ್ತು. ಮೂರು ಸಾವಿರ ಕೊಟ್ಟಿದ್ದೇನೆ, ಎರಡು ಸಾವಿರ ಉಳಿದಿದೆ. ಅವರು ಎಲ್ಲೂ ಬರೆದಿಟ್ಟಿರಲಿಕ್ಕಿಲ್ಲ, ನಿಮಗೂ ಹೇಳಿರಲಿಕ್ಕಿಲ್ಲ. ಆಗಸ್ಟ್ 3ರ ಭಾನುವಾರ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಬರುತ್ತೇವೆ, ಆಗ ತರುತ್ತೇನೆ. ಪೆಟ್ಟಿಗೆಯನ್ನೂ ತರುತ್ತೇವೆ. ಊಟಕ್ಕೆ ಏನೂ ಮಾಡಬೇಡಿ, ಅವಳು ಕಡುಬು ಮಾಡಿಕೊಂಡು ಬರುತ್ತಾಳೆ. ಅಮ್ಮನಿಗೆ ಮೆತ್ತಗಿನದೇ ಬೇಕಲ್ಲ. ಮಾತಾಡಲೇಬೇಕು ಎಂದೇನೂ ಇಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ಅಮ್ಮ, ಮಗನನ್ನು ಕಳಿಸಿಕೊಟ್ಟ ನಿಮಗೆ ಹೇಳುವಂಥ ಮಾತು ನನ್ನ ಹತ್ತಿರ ಯಾವುದೂ ಇಲ್ಲ. ನಮಸ್ಕಾರ ಮಾಡುತ್ತೇನೆ. ಕಾಲಿನ ಮಾತ್ರೆ ತಪ್ಪಿಸಬೇಡಿ. ತಂದುಕೊಡುತ್ತಿದ್ದವರು ಅವರು, ಇನ್ನು ಮೇಲೆ ನಾನು ತರುತ್ತೇನೆ. ಚೀಟಿಯನ್ನು ಚೇತನನ ಕೈಲಿ ಕಳಿಸಿ.

ನಿಮ್ಮವನೇ ಆದ,
ಗಿರೀಶ
(ಕೌಂಟರ್, ಅಂಚೆ ಕಚೇರಿ, ತೀರ್ಥಹಳ್ಳಿ 577432)

ಮರೆತಿದ್ದೆ: ಈ ಕಾಗದವನ್ನು ಮೊದಲು ಒರಟು ಹಾಳೆಯಲ್ಲಿ ಬರೆದು, ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರ ಹತ್ತಿರ ತಿದ್ದಿಸಿ, ಆಮೇಲೆ ಚೆನ್ನಾಗಿ ಬರೆದಿದ್ದೇನೆ. ಹನ್ನೊಂದು ತಪ್ಪು ಸಿಕ್ಕವು. ಏಳು ಮಹಾಪ್ರಾಣದ್ದೇ. ಮಾತುಗಳನ್ನು ಮಾತ್ರ ಮುಟ್ಟಬೇಡಿ ಎಂದು ಕೇಳಿಕೊಂಡಿದ್ದೆ, ಅವರು ಮುಟ್ಟಲಿಲ್ಲ. ಮತ್ತೆ ಬರೆಯುವಾಗ ನಾನೇ ಎಲ್ಲಾದರೂ ಹೊಸ ತಪ್ಪು ಮಾಡಿದ್ದರೆ ಅನುಷಾ ತಿದ್ದಲಿ. ಕೆಂಪು ಪೆನ್ನನ್ನು ಪೆಟ್ಟಿಗೆಯಲ್ಲಿ ಹಾಕಲಿಲ್ಲ, ಈ ಕವರಿನಲ್ಲೇ ಇಟ್ಟಿದ್ದೇನೆ. ಇನ್ನೂ ಬರೆಯುತ್ತದೆ, ಗೀಚಿ ನೋಡಿದೆ.