ಇಪ್ಪತ್ತೆರಡು ವರ್ಷ ತುಂಬಿದ ದಿನ

ನಿನಗೆ,

ಎದುರಿಗೇ ಕೂತಿರುವವನಿಗೆ ಪತ್ರವೇಕೆ ಎಂದು ಕೇಳುತ್ತೀಯ. ಹೋದ ತಿಂಗಳು ಬಂದ ಕಿವಿಯ ವರದಿಯೇ ಕಾರಣ. ನಾನು ಹೇಳಿದ್ದರಲ್ಲಿ ಅರ್ಧ ನಿನ್ನನ್ನು ತಲುಪುತ್ತಿಲ್ಲವೆಂಬುದು ಈಗ ನಕ್ಷೆಸಮೇತ ಗೊತ್ತಾಗಿದೆ. ಬರೆದರೆ ಪೂರ್ತಿ ತಲುಪುತ್ತದೆ. ‘ಹಾಂ, ಹಾಂ’ ಎಂದು ತಲೆಯಾಡಿಸಿ ತಪ್ಪಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ವರದಿಯನ್ನು ನೀನು ಮಡಚಿ ಬೀರುವಿನಲ್ಲಿಟ್ಟೆ. ನಾನು ಎರಡು ಸಲ ತೆಗೆದು ನೋಡಿದೆ. ಎಡದಿಂದ ಬಲಕ್ಕೆ ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಬಂದು ಕೆಳಗೆ ಜಾರುತ್ತದೆ. ಗುಡುಗು, ಲಾರಿ, ನಿನ್ನ ಅಣ್ಣನ ದನಿ, ಇವೆಲ್ಲ ಕೇಳಿಸುತ್ತವೆ; ಸಣ್ಣ, ತೀಕ್ಷ್ಣ ದನಿಗಳು ಕೇಳಿಸುವುದಿಲ್ಲ. ಸ, ಶ, ಫಗಳಂಥ ಅಕ್ಷರಗಳೇ ಮೊದಲು ಜಾರಿಹೋಗುವವು, ಹೆಂಗಸರ ಮತ್ತು ಮಕ್ಕಳ ಮಾತು ಹಿಡಿಯುವುದೇ ಹೆಚ್ಚು ಕಷ್ಟ ಎಂದು ಡಾಕ್ಟರು ವಿವರಿಸುತ್ತಿದ್ದಾಗ ನೀನು ನನ್ನ ಮುಖ ನೋಡಿದೆ. ಗೆದ್ದವನ ನೋಟ ಅದು. ಮೂರು ವರ್ಷದಿಂದ ಅಡುಗೆಮನೆಯಿಂದ ಕೂಗಿದ್ದಕ್ಕೆ ಉತ್ತರ ಬಾರದಿದ್ದಾಗಲೆಲ್ಲ ನಾನು ಅದನ್ನು ನಿನ್ನ ಸೊಕ್ಕಿನ ಖಾತೆಗೆ ಹಾಕಿದ್ದೆ. ತಪ್ಪು ನಮೂದು. ಹಾಗೆಂದು ಪೂರ್ತಿ ತಪ್ಪೂ ಅಲ್ಲ. ಪತ್ರಿಕೆ ಕೈಯಲ್ಲಿದ್ದರೆ ನಿನಗೆ 2003ರಲ್ಲೂ ಏನೂ ಕೇಳಿಸುತ್ತಿರಲಿಲ್ಲ. ಆಗ ನಿನಗಿನ್ನೂ ಇಪ್ಪತ್ತೊಂಬತ್ತು.

ಒಂದು ನಮೂದು ತಪ್ಪಿದ್ದರೆ ಉಳಿದವನ್ನೂ ತಿರುವಿ ನೋಡಬೇಕಲ್ಲ. ಅದಕ್ಕೇ ಕೂತಿದ್ದೇನೆ.

ಮದುವೆಯಾಗಿ ಆರು ವರ್ಷ ನಾನು ನಿನ್ನನ್ನು ‘ನೀವು’ ಎನ್ನುತ್ತಿದ್ದೆ. ಅದು ‘ನೀನು’ ಆದದ್ದು ಪ್ರೀತಿ ಹೆಚ್ಚಾಗಿ ಅಲ್ಲ, ಜಗಳದಲ್ಲಿ. ನನ್ನನ್ನು ಕೇಳದೆ ಗೆಳೆಯನಿಗೆ ನಮ್ಮಿಬ್ಬರ ಉಳಿತಾಯ ಕೊಟ್ಟ ವಿಷಯ ಬ್ಯಾಂಕಿನ ಪಾಸ್‌ಬುಕ್ಕಿನಿಂದ ನನಗೆ ತಿಳಿದ ದಿನ ‘ನೀನು ಯಾರನ್ನು ಕೇಳಿ ಕೊಟ್ಟೆ’ ಎಂದು ಬಾಯಿಂದ ಬಂದುಬಿಟ್ಟಿತು. ಹಣಕ್ಕಿಂತ ಆ ‘ನೀನು’ ನಿನಗೆ ಹೆಚ್ಚು ನಾಟಿತು. ಆಮೇಲೆ ಹನ್ನೊಂದು ದಿನ ಮಾತಿಲ್ಲ. ಐದು ವರ್ಷದ ಮಗಳು ಈ ಕೋಣೆಯಿಂದ ಆ ಕೋಣೆಗೆ ಸುದ್ದಿ ಒಯ್ಯುತ್ತಿದ್ದಳು. ಎರಡು ಕಡೆಯಿಂದಲೂ ಬಿಸ್ಕತ್ತು ವಸೂಲಿ ಮಾಡಿದಳು ಎಂದು ನನಗೆ ತಿಳಿದದ್ದು ಈಚೆಗೆ. ಹನ್ನೆರಡನೆಯ ರಾತ್ರಿ ಬಚ್ಚಲಿನ ಪೈಪು ಒಡೆಯಿತು. ಮೊಣಕಾಲೂರಿ ಪೈಪಿಗೆ ಬಟ್ಟೆ ಒತ್ತಿ ಹಿಡಿದಿದ್ದ ನೀನು ‘ವಾಲ್ವ್ ಮುಚ್ಚು’ ಎಂದೆ, ನಾನು ‘ಯಾವ ಕಡೆ ತಿರುಗಿಸಲಿ’ ಎಂದೆ. ಮಾತು ಶುರುವಾದದ್ದು ಹೀಗೆ. ಒಂದು ಗಂಟೆ ನೀರು ಬಳಿದೆವು. ಹಾಸಿಗೆ ಒದ್ದೆಯಾದದ್ದಕ್ಕೆ ನೀನು ಕ್ಷಮೆ ಕೇಳಿದೆ, ಹಣಕ್ಕೆ ಕೇಳಲಿಲ್ಲ. ನಾನೂ ‘ನೀವು’ಗೆ ಹಿಂತಿರುಗಲಿಲ್ಲ. ಆ ಹಣ ಇವತ್ತಿನವರೆಗೆ ಬಂದಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಕಡೆಯದೂ ಒಂದಿದೆ. 2014ರಲ್ಲಿ ನಿನಗೆ ವರ್ಗವಾದಾಗ ಮಗಳ ಶಾಲೆ ಬಿಡಿಸುವುದು ಬೇಡ ಎಂದು ನಾನು ಇಲ್ಲೇ ಉಳಿದೆ. ಎರಡು ವರ್ಷ ನೀನು ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಬಂದು ಹೋದೆ. ಶಾಲೆ ನೆಪ. ನನ್ನ ಬಡ್ತಿಯ ಪಟ್ಟಿ ಆ ವರ್ಷ ಹೊರಡುವುದರಲ್ಲಿತ್ತು, ಅದನ್ನು ಬಿಟ್ಟು ಬರಲು ನನಗೆ ಇಷ್ಟವಿರಲಿಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮನೆಯವರ ಮುಂದೆ ನೀನೂ ಶಾಲೆಯ ಮಾತನ್ನೇ ಹೇಳಿದೆ. ಬಡ್ತಿ ಸಿಕ್ಕಿತು, ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಸುಳ್ಳಿನ ಬಗ್ಗೆ ಸ್ವಲ್ಪ ಇದೆ.

ಜಡೆಯ ವಿಷಯ ಬೇಗ ಮುಗಿಸುತ್ತೇನೆ. ಫ್ರೋಜನ್ ಶೋಲ್ಡರ್ ಆಗಿ ನನ್ನ ಬಲಗೈ ಕಿವಿಯ ಮಟ್ಟಕ್ಕೂ ಏಳದಿದ್ದಾಗ ಏಳು ತಿಂಗಳು ನನ್ನ ತಲೆ ಬಾಚಿದ್ದು ನೀನು. ಅಷ್ಟೂ ದಿನ ಬೈತಲೆ ಒಂದು ದಿನವೂ ನೇರ ಬರಲಿಲ್ಲ. ಕಚೇರಿಯಲ್ಲಿ ಎಲ್ಲರೂ ನೋಡುತ್ತಿದ್ದರು. ನಾನು ಮತ್ತೆ ತೆಗೆದು ಕಟ್ಟಿಸಿಕೊಳ್ಳುತ್ತಿರಲಿಲ್ಲ, ಅದಕ್ಕೂ ಸಮಯವಿರಲಿಲ್ಲ.

ನಿಜವಾಗಿ ಹೇಳಬೇಕಾದದ್ದು ಅಪ್ಪನ ಉಗುರಿನ ಬಗ್ಗೆ.

ಪಾರ್ಶ್ವವಾಯುವಾಗಿ ಅಪ್ಪ ನಮ್ಮ ಮನೆಗೆ ಬಂದಾಗ ಅವರ ಎಡಗೈ ಮುಷ್ಟಿ ಬಿಗಿದು ಹೋಗಿತ್ತು. ಉಗುರು ಬೆಳೆದಂತೆಲ್ಲ ಅಂಗೈಯೊಳಗೆ ನಾಟುತ್ತಿತ್ತು. ಒಂದು ಸಲ ನಾನು ಬಿಡಿಸಲು ಹೋದೆ; ಅವರು ಕಿರುಚಿದರು, ನಾನು ಕೈಬಿಟ್ಟೆ. ಮುಂದಿನ ಭಾನುವಾರದಿಂದ ಅದು ನಿನ್ನ ಕೆಲಸವಾಯಿತು. ಹಾಗೆಂದು ಯಾರೂ ಗೊತ್ತು ಮಾಡಲಿಲ್ಲ. ಬೆಚ್ಚನೆಯ ನೀರಿನ ಬಟ್ಟಲಿನಲ್ಲಿ ಹತ್ತು ನಿಮಿಷ ಕೈ ಇಡಿಸುತ್ತಿದ್ದೆ, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದರೆ ಬೆರಳು ತಾನಾಗಿ ಸಡಿಲವಾಗುತ್ತದೆ ಎಂದು ಫಿಸಿಯೋಥೆರಪಿಯ ಹುಡುಗನಿಂದ ಕಲಿತುಕೊಂಡೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸುತ್ತಿದ್ದೆ. ಅಂಗೈ ಒರೆಸಿ, ಬೆರಳ ಸಂದಿಯ ಬೆವರು ತೆಗೆದು, ಕೊನೆಗೆ ಸುತ್ತಿದ ಕರವಸ್ತ್ರವೊಂದನ್ನು ಮುಷ್ಟಿಯೊಳಗೆ ಇಡುತ್ತಿದ್ದೆ. ಮೊದಲಿನಿಂದಲೂ ನಿನ್ನನ್ನು ಅಷ್ಟಾಗಿ ಮೆಚ್ಚದ ಅಪ್ಪ ಆ ಹೊತ್ತಿನಲ್ಲಿ ನಿನ್ನ ಮುಖ ಬಿಟ್ಟು ಗೋಡೆ ನೋಡುತ್ತಿದ್ದರು. ನೀನು ಅವರೊಂದಿಗೆ ಹಿಂದಿನ ದಿನದ ಕ್ರಿಕೆಟ್ ಸ್ಕೋರು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋಗುತ್ತಿದ್ದೆ. ಎಂಟು ತಿಂಗಳಲ್ಲಿ ಒಂದು ಭಾನುವಾರವೂ ತಪ್ಪಿಸಲಿಲ್ಲ. ಮಳೆಗಾಲದಲ್ಲೂ ಹೋಗುತ್ತಿದ್ದೆ, ಒದ್ದೆ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ನೀನು ಒಮ್ಮೆಯೂ ಕೇಳಲಿಲ್ಲ. ಅಪ್ಪ ಹೋದ ಮೇಲೂ ನಾನು ಅದರ ಬಗ್ಗೆ ಮಾತೆತ್ತಲಿಲ್ಲ, ಎತ್ತಿದರೆ ತಾರಸಿಯ ವಿಷಯವೂ ಬರುತ್ತದೆಂದು. ಈ ನಾಲ್ಕು ವರ್ಷದಲ್ಲಿ ನಿನ್ನ ಗೆಳೆಯನ ಹಣದ ವಿಷಯ ಎಷ್ಟು ಸಲ ಎತ್ತಿದ್ದೇನೆಂದು ಎಣಿಸಿದರೆ ನನಗೇ ನಾಚಿಕೆಯಾಗುತ್ತದೆ. ಆ ಉಗುರುಕತ್ತರಿಯಲ್ಲೇ ನಾವಿಬ್ಬರೂ ಈಗಲೂ ಉಗುರು ತೆಗೆದುಕೊಳ್ಳುತ್ತೇವೆ. ಅದರ ಒಂದು ಬದಿ ಮೊಂಡಾಗಿದೆ, ಬದಲಿಸಬೇಕು.

ಕಿವಿಗೆ ಯಂತ್ರ ಹಾಕಿಕೊಂಡರೆ ಮುದುಕನ ಹಾಗೆ ಕಾಣುತ್ತೇನೆ ಎನ್ನುತ್ತಿದ್ದೀಯ. ನಿನ್ನ ತಲೆಯಲ್ಲಿ ಕೂದಲಿದ್ದಿದ್ದರೆ ಈ ವಾದವನ್ನು ಒಪ್ಪುತ್ತಿದ್ದೆ. ಶನಿವಾರ ಹನ್ನೊಂದು ಗಂಟೆಗೆ ಸಮಯ ತೆಗೆದುಕೊಂಡಿದ್ದೇನೆ, ಎರಡೂ ಕಿವಿಗೆ. ಮೊದಲ ಕೆಲವು ವಾರ ಪಾತ್ರೆಯ ಸದ್ದು, ಕಾಗದದ ಸದ್ದು ಎಲ್ಲವೂ ಜೋರಾಗಿ ಕೇಳಿ ಕಿರಿಕಿರಿಯಾಗುತ್ತದೆ, ತೆಗೆದಿಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿಸಿಕೊಂಡಿರಲಾರೆ, ಅದಕ್ಕೆ ಬರೆದಿದ್ದೇನೆ. ನಾನೂ ಬರುತ್ತೇನೆ, ಅರ್ಧ ದಿನ ರಜೆ ಹಾಕಿದ್ದೇನೆ.

ಅಲ್ಲಿಯವರೆಗೆ ಊಟದ ಮೇಜಿನಲ್ಲಿ ನನ್ನ ಕುರ್ಚಿಯನ್ನು ಈಚೆಗೆ ಹಾಕಿಕೊಂಡಿದ್ದೇನೆ. ಜಾಗ ಯಾಕೆ ಬದಲಾಯಿತೆಂದು ನೀನು ಮೊನ್ನೆ ಕೇಳಿದೆ, ನಾನು ಕಿಟಕಿಯ ಬಿಸಿಲು ಎಂದೆ. ನಿನ್ನ ಬಲಗಿವಿ ಸ್ವಲ್ಪ ವಾಸಿ.

ಇಂತು,
ನಿನ್ನವಳು