ಚಾವಣಿ ಸೌರ ಘಟಕದ ಉತ್ಪಾದನೆ ಕೊಟೇಶನ್‌ಗಿಂತ ಬಹಳ ಕಡಿಮೆ: ದುರಸ್ತಿ ಮತ್ತು ನಷ್ಟ ಪರಿಹಾರಕ್ಕೆ ಬೇಡಿಕೆ ಪತ್ರ

ರಿಜಿಸ್ಟರ್ಡ್ ಅಂಚೆ, ಸ್ವೀಕೃತಿ ಸಹಿತ
ದಿನಾಂಕ: 9-3-2026

ಇಂದ: ಮನೆ ಮಾಲೀಕರು ಮತ್ತು ಬೆಸ್ಕಾಂ ಗ್ರಾಹಕರು, ಕ್ಯಾತಸಂದ್ರ, ತುಮಕೂರು
ಗೆ: ಮಾಲೀಕರು, ಸೌರ ಘಟಕ ಅಳವಡಿಸಿದ ಸಂಸ್ಥೆ, ಬಿ.ಎಚ್. ರಸ್ತೆ, ತುಮಕೂರು

ವಿಷಯ: 14-2-2025ರಂದು ಚಾಲನೆಗೊಂಡ 5.4 ಕಿಲೋವ್ಯಾಟ್ ಚಾವಣಿ ಸೌರ ಘಟಕ

ಉಲ್ಲೇಖ: 1) ನಿಮ್ಮ ಕೊಟೇಶನ್, 6-12-2024. 2) ಪಿಎಂ ಸೂರ್ಯ ಘರ್ ಯೋಜನೆಯಡಿ ನಾವಿಬ್ಬರೂ ಸಹಿ ಹಾಕಿದ ಒಪ್ಪಂದ. 3) 5 ವರ್ಷಗಳ ವಾರಂಟಿ ಪತ್ರ, 14-2-2025.

ಮಾನ್ಯರೇ,

ಈ ಘಟಕಕ್ಕೆ ನಿಮಗೆ ಒಟ್ಟು ₹3,24,000 ಪಾವತಿಯಾಗಿದೆ. ಸರ್ಕಾರದ ₹78,000 ಸಹಾಯಧನ ನಂತರ ನನ್ನ ಖಾತೆಗೆ ಬಂದಿದೆ. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಕೊಟೇಶನ್‌ನ ಎರಡನೇ ಪುಟದ ಬಗ್ಗೆ. ಅಲ್ಲಿ ನೀವೇ ಬರೆದುಕೊಟ್ಟಿದ್ದು: ದಿನಕ್ಕೆ ಸರಾಸರಿ 21 ಯೂನಿಟ್, ವರ್ಷಕ್ಕೆ 7,600 ಯೂನಿಟ್, ಹವಾಮಾನದಿಂದ ಶೇ 10ರಷ್ಟು ಹೆಚ್ಚುಕಡಿಮೆ ಆಗಬಹುದು. ಅಂದರೆ ಕೆಟ್ಟ ವರ್ಷದಲ್ಲೂ 6,840 ಯೂನಿಟ್ ಬರಬೇಕು.

1-3-2025ರಿಂದ 28-2-2026ರವರೆಗೆ ಬಂದಿದ್ದು 4,870 ಯೂನಿಟ್. ದಿನಕ್ಕೆ 13.3. ಇಡೀ ವರ್ಷದ ಅತ್ಯುತ್ತಮ ದಿನದ ಉತ್ಪಾದನೆ 18.9 ಯೂನಿಟ್. ನೀವು ಸರಾಸರಿ ಎಂದು ಹೇಳಿದ ಅಂಕಿಯನ್ನು ಒಂದೇ ಒಂದು ದಿನವೂ ಘಟಕ ಮುಟ್ಟಿಲ್ಲ. ಈ ಲೆಕ್ಕ ಸೋಲಾರ್ ಜನರೇಷನ್ ಮೀಟರಿನದು, ಬೆಸ್ಕಾಂನ ದ್ವಿಮುಖ ಮೀಟರಿನ ಎಕ್ಸ್‌ಪೋರ್ಟ್ ಅಂಕಿ ಅಲ್ಲ. ಮನೆಯಲ್ಲೇ ಖರ್ಚಾದ ಯೂನಿಟ್ ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲವಾದ್ದರಿಂದ ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳುತ್ತಿದ್ದೇನೆ. ಇನ್ವರ್ಟರ್ ಆ್ಯಪ್‌ನ ಮೊತ್ತಕ್ಕೂ ಜನರೇಷನ್ ಮೀಟರಿಗೂ ಶೇ 2ಕ್ಕಿಂತ ಕಡಿಮೆ ವ್ಯತ್ಯಾಸವಿದೆ.

ಜೂನ್ 2025ರಲ್ಲಿ ನಿಮ್ಮ ಹುಡುಗರು ಬಂದು ಪ್ಯಾನೆಲ್ ತೊಳೆದು "ಮಳೆಗಾಲ ಸಾರ್" ಎಂದು ಹೋದರು. ಅಕ್ಟೋಬರ್‌ನ ಇಮೇಲ್‌ಗೆ ಬಂದ ಉತ್ತರ, ಪ್ಯಾನೆಲ್ ಕಂಪನಿಯನ್ನು ಕೇಳಿ ಎಂಬುದು. ಎರಡನ್ನೂ ಒಪ್ಪಲಾಗದು. ವಾರ್ಷಿಕ ಅಂಕಿ ಕೊಡುವಾಗ ಮಳೆಗಾಲವೂ ಅದರೊಳಗೇ ಸೇರಿರುತ್ತದೆ; ಬಿಸಿಲು ಹೇರಳವಾಗಿದ್ದ ಮಾರ್ಚ್ 2025ರಲ್ಲೂ ಬಂದಿದ್ದು 497 ಯೂನಿಟ್ ಮಾತ್ರ. ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ತೊಳೆಯಲಾಗುತ್ತಿದ್ದು, ತೊಳೆದ ಮರುದಿನದ ಏರಿಕೆ ಅರ್ಧ ಯೂನಿಟ್ಟೂ ಇಲ್ಲ. ಇನ್ನು ಪ್ಯಾನೆಲ್ ಕಂಪನಿಯ 25 ವರ್ಷದ ವಾರಂಟಿ ಪ್ಯಾನೆಲ್‌ನ ಶಕ್ತಿ ಕುಸಿತಕ್ಕೆ ಸಂಬಂಧಿಸಿದ್ದು. ಇಲ್ಲಿನ ದೋಷ ಜೋಡಣೆಯಲ್ಲಿದೆ. ಅದಕ್ಕೆ ಹೊಣೆ ನಿಮ್ಮ 5 ವರ್ಷದ ವಾರಂಟಿ.

ಕೊಟೇಶನ್‌ನ ವಿವರವನ್ನೂ ಚಾವಣಿಯ ಮೇಲಿರುವುದನ್ನೂ ಪಕ್ಕಪಕ್ಕ ಇಟ್ಟರೆ ಕಾರಣ ಕಾಣುತ್ತದೆ.

540 ವ್ಯಾಟ್‌ನ 10 ಪ್ಯಾನೆಲ್‌ಗಳೂ ದಕ್ಷಿಣಕ್ಕೆ ಮುಖ ಮಾಡಿ, 13 ಡಿಗ್ರಿ ಓರೆಯಲ್ಲಿ, ನೆರಳಿಲ್ಲದ ಜಾಗದಲ್ಲಿ ಎಂದು ಕೊಟೇಶನ್ ಹೇಳುತ್ತದೆ. ಈಗ ಐದು ಮಾತ್ರ ದಕ್ಷಿಣಕ್ಕಿವೆ. ಉಳಿದ ಐದನ್ನು ಪಶ್ಚಿಮಕ್ಕೆ ತಿರುಗಿಸಿ, ಮೆಟ್ಟಿಲ ಹೆಡ್‌ರೂಮ್ ಮತ್ತು ಅದರ ಮೇಲಿನ ನೀರಿನ ಟ್ಯಾಂಕಿನ ಪೂರ್ವಕ್ಕೆ ಕೂರಿಸಿದ್ದೀರಿ. ಇಷ್ಟು ಕಡಿಮೆ ಓರೆಯಲ್ಲಿ ಪಶ್ಚಿಮ ಮುಖದಿಂದಲೇ ದೊಡ್ಡ ನಷ್ಟವಿಲ್ಲ, ಅದನ್ನು ಒಪ್ಪುತ್ತೇನೆ. ಪೆಟ್ಟು ಬೀಳುವುದು ನೆರಳಿನಿಂದ. ಮಧ್ಯಾಹ್ನ 2.30ರ ಸುಮಾರಿಗೆ ಟ್ಯಾಂಕಿನ ನೆರಳು ಈ ಸಾಲಿನ ಮೇಲೆ ಬೀಳುತ್ತದೆ. 11-2-2026ರ ಶುಭ್ರ ಆಕಾಶದ ದಿನದ ಗ್ರಾಫ್‌ನಲ್ಲಿ 2.6 ಕಿಲೋವ್ಯಾಟ್ ಇದ್ದದ್ದು ಇಪ್ಪತ್ತು ನಿಮಿಷದಲ್ಲಿ 1.3ಕ್ಕೆ ಕುಸಿದಿದೆ.

ಇದನ್ನು ಇನ್ನಷ್ಟು ಕೆಡಿಸಿದ್ದು ಸ್ಟ್ರಿಂಗ್ ಜೋಡಣೆ, ಅಂದರೆ ಪ್ಯಾನೆಲ್‌ಗಳನ್ನು ಸರಣಿಯಾಗಿ ಕೂಡಿಸಿದ ರೀತಿ. ಐದೈದು ಪ್ಯಾನೆಲ್‌ಗಳ ಎರಡು ಸ್ಟ್ರಿಂಗ್ ಮಾಡಿ ಇನ್ವರ್ಟರ್‌ನಲ್ಲಿ ಪ್ಯಾನೆಲ್‌ಗಳಿಂದ ಗರಿಷ್ಠ ಶಕ್ತಿ ಸೆಳೆಯುವ ಎರಡು ಎಂಪಿಪಿಟಿಗಳಿಗೆ ಬೇರೆಬೇರೆಯಾಗಿ ಕೊಡುವುದಾಗಿ ಕೊಟೇಶನ್‌ನ ಸಿಂಗಲ್ ಲೈನ್ ನಕ್ಷೆಯಲ್ಲಿದೆ. ವಾಸ್ತವದಲ್ಲಿ ಹತ್ತನ್ನೂ ಒಂದೇ ಸಾಲಾಗಿ ಸುತ್ತಿ ಒಂದು ಎಂಪಿಪಿಟಿಗೆ ಕೊಟ್ಟಿದ್ದೀರಿ. ಎರಡನೇ ಎಂಪಿಪಿಟಿ ಖಾಲಿ ಬಿದ್ದಿದೆ. ಆ್ಯಪ್‌ನಲ್ಲಿ ಅದನ್ನು ತೋರಿಸುವ `PV2` ಸದಾ 0 ವೋಲ್ಟ್. ಸರಣಿಯಲ್ಲಿರುವ ಎಲ್ಲ ಪ್ಯಾನೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯಬೇಕು. ಬೆಳಿಗ್ಗೆ ಪಶ್ಚಿಮದ ಸಾಲು ಕಡಿಮೆ ಕರೆಂಟ್ ಕೊಟ್ಟಾಗ ದಕ್ಷಿಣದ ಸಾಲನ್ನೂ ಕೆಳಕ್ಕೆಳೆಯುತ್ತದೆ. ಮಧ್ಯಾಹ್ನ ನೆರಳಾದ ಪ್ಯಾನೆಲ್‌ಗಳು ಬೈಪಾಸ್ ಡಯೋಡ್ ಮೂಲಕ ಹೊರಗುಳಿಯುತ್ತವೆ, ಇಲ್ಲವೇ ಉಳಿದವುಗಳ ಕರೆಂಟನ್ನೂ ತಗ್ಗಿಸುತ್ತವೆ.

ಮೂರನೆಯದು ಎಸಿ ಕೇಬಲ್. ಒಪ್ಪಿದ್ದು 6 ಚದರ ಮಿಲಿಮೀಟರ್ ತಾಮ್ರ, ಎಳೆದಿದ್ದು 2.5. ಇನ್ವರ್ಟರ್‌ನಿಂದ ಮೀಟರ್ ಬೋರ್ಡಿಗೆ 28 ಮೀಟರ್ ದೂರ. 20 ಆಂಪಿಯರ್ ಹರಿಯುವಾಗ 2.5ರ ತಂತಿಯಲ್ಲಿ ಸುಮಾರು 8.3 ವೋಲ್ಟ್ ಏರುತ್ತದೆ, 6ರಲ್ಲಾದರೆ 3.5. ಹಗಲಲ್ಲಿ ನಮ್ಮ ಬೀದಿಯ ವೋಲ್ಟೇಜ್ ಮೊದಲೇ 245ರ ಆಸುಪಾಸು ಇರುವಾಗ ಆ ಏರಿಕೆಯೇ ಇನ್ವರ್ಟರನ್ನು ಮಿತಿ ದಾಟಿಸಿ ನಿಲ್ಲಿಸುತ್ತಿದೆ. ಉತ್ಪಾದನೆ ಜೋರಾಗಿರುವ 11ರಿಂದ 2 ಗಂಟೆಯ ನಡುವೆಯೇ ಲಾಗ್‌ನಲ್ಲಿ `Grid Overvoltage` ಎಂದು ಮತ್ತೆಮತ್ತೆ ದಾಖಲಾಗಿದೆ. ತೆಳು ತಂತಿ ಬಿಸಿಯಾಗುವುದರಿಂದ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಹಾಗಾಗಿ ಉಳಿದದ್ದಕ್ಕೆ ಕಾಯದೆ ಕೇಬಲನ್ನು ಮೊದಲು ಬದಲಿಸಬೇಕು.

ಕರೆಂಟ್ ಹೋದಾಗ ಇನ್ವರ್ಟರ್ ನಿಲ್ಲುವುದು ನಿಯಮ, ಅದಕ್ಕೆ ನೀವು ಹೊಣೆಯಲ್ಲ. ಲಾಗ್ ಪ್ರಕಾರ ಹಗಲಿನ ಕಡಿತ ವರ್ಷಕ್ಕೆ 96 ಗಂಟೆ. ಗಂಟೆಗೆ 3 ಯೂನಿಟ್‌ನಂತೆ ಉದಾರವಾಗಿ ಹಿಡಿದು 290 ಯೂನಿಟ್ ಬಿಟ್ಟುಕೊಟ್ಟಿದ್ದೇನೆ. ಆಗಲೂ ಬರಬೇಕಿದ್ದದ್ದು 6,550, ಕೊರತೆ 1,680 ಯೂನಿಟ್.

ನನ್ನ ಬೇಡಿಕೆಗಳು ಇವು.

ಈ ಪತ್ರ ತಲುಪಿದ 7 ದಿನದೊಳಗೆ ಎಸಿ ಕೇಬಲ್ ಬದಲಿಸಿ. 30 ದಿನದೊಳಗೆ ಪಶ್ಚಿಮದ ಐದು ಪ್ಯಾನೆಲ್‌ಗಳನ್ನು ನೆರಳು ಬೀಳದ ಪೂರ್ವ ಭಾಗಕ್ಕೆ ಒಯ್ದು ದಕ್ಷಿಣಕ್ಕೆ ತಿರುಗಿಸಿ, ಸ್ಟ್ರಿಂಗ್‌ಗಳನ್ನು ಎರಡು ಎಂಪಿಪಿಟಿಗೆ ಬೇರ್ಪಡಿಸಿ, ಚಾವಣಿಗೆ ಕೊರೆದ ಹಳೆಯ ರಂಧ್ರಗಳನ್ನು ನೀರು ಸೋರದಂತೆ ಮುಚ್ಚಿ. ಕೂಲಿ, ಸಾಮಗ್ರಿ ಎರಡೂ ನಿಮ್ಮದೇ.

ನಂತರ ನನ್ನ ಎದುರಿಗೆ ಪರೀಕ್ಷೆ ಆಗಬೇಕು. ಎರಡೂ ಸ್ಟ್ರಿಂಗ್‌ಗಳ ಓಪನ್ ಸರ್ಕ್ಯೂಟ್ ವೋಲ್ಟೇಜ್ ಮತ್ತು ಕರೆಂಟ್ ಅಳೆದು, ಕ್ಯಾಲಿಬ್ರೇಶನ್ ಪತ್ರವಿರುವ ವಿಕಿರಣ ಮಾಪಕವನ್ನು ಪ್ಯಾನೆಲ್‌ನ ಓರೆಯಲ್ಲೇ ಇಟ್ಟು ಪರ್ಫಾರ್ಮೆನ್ಸ್ ರೇಷಿಯೊ, ಅಂದರೆ ಬಿದ್ದ ಬಿಸಿಲಿಗೆ ಬರಬೇಕಾದ ವಿದ್ಯುತ್ತಿನಲ್ಲಿ ನಿಜಕ್ಕೂ ಬಂದ ಪಾಲು, ಲೆಕ್ಕ ಹಾಕಿ. ಒಪ್ಪಂದದ ಪ್ರಕಾರ ಚಾಲನೆಯ ವೇಳೆ ಅದು ಶೇ 75 ಇರಬೇಕಿತ್ತು. ಆ ಪರೀಕ್ಷೆಯ ವರದಿಯನ್ನು ನೀವು ಈವರೆಗೆ ಕೊಟ್ಟಿಲ್ಲ. ಉದಾಹರಣೆಗೆ, ಪ್ರತಿ ಚದರ ಮೀಟರಿಗೆ 5.8 ಯೂನಿಟ್ ವಿಕಿರಣ ಬಿದ್ದ ದಿನ 5.4 × 5.8 × 0.75, ಅಂದರೆ 23.5 ಯೂನಿಟ್ ಬರಬೇಕು.

ಕಳೆದ ವರ್ಷದ ಕೊರತೆಗೆ, ನನ್ನ ಬಿಲ್‌ನ ವಿದ್ಯುತ್ ದರ ಯೂನಿಟ್‌ಗೆ ₹5.80ರಂತೆ, ₹9,744 ಕೊಡಬೇಕು. ತೆರಿಗೆ, ಸರ್‌ಚಾರ್ಜ್ ಸೇರಿಸಿಲ್ಲ. ಮನೆಯ ಬಳಕೆ ತಿಂಗಳಿಗೆ 720 ಯೂನಿಟ್‌ಗೂ ಹೆಚ್ಚಿರುವುದರಿಂದ ಕೊರತೆ ಬಿದ್ದ ಯೂನಿಟ್‌ಗಳನ್ನು ನಾನು ಬೆಸ್ಕಾಂನಿಂದಲೇ ಕೊಳ್ಳಬೇಕಾಯಿತು.

ಸರಿಪಡಿಸಲು ಆಗುವುದಿಲ್ಲ ಎಂದಾದರೆ, ಉತ್ಪಾದನೆಯ ಕೊರತೆ ಶೇ 25.65ರ ಪ್ರಮಾಣದಲ್ಲಿ ಬೆಲೆಯಿಂದ ₹83,100 ಹಿಂದಿರುಗಿಸಿ. ಇದು ದುರಸ್ತಿಗೆ ಪರ್ಯಾಯ. ಮೇಲಿನ ₹9,744 ಎರಡೂ ಸಂದರ್ಭದಲ್ಲಿ ಬಾಕಿ.

ಬರೆದುಕೊಟ್ಟಂತೆ ಅಳವಡಿಸದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(11)ರಂತೆ ಸೇವಾ ನ್ಯೂನತೆ. ಗಡುವು ಮೀರಿದರೆ ಕಲಂ 35ರಡಿ ತುಮಕೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ, ಮಾನಸಿಕ ಕಿರುಕುಳ ಮತ್ತು ವ್ಯಾಜ್ಯದ ವೆಚ್ಚವನ್ನೂ ಕೇಳುತ್ತೇನೆ. ಬೆಸ್ಕಾಂಗೂ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ಗೂ ಪ್ರತ್ಯೇಕ ದೂರು ಹೋಗುತ್ತದೆ.

ಕೆಲಸಕ್ಕೆ ಬರುವ ದಿನವನ್ನು ಎರಡು ದಿನ ಮೊದಲು ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಈಗಿರುವ ಜೋಡಣೆಯನ್ನು ಯಾರೂ ಮುಟ್ಟದಂತೆ, ಫೋಟೊ ಸಮೇತ ಹಾಗೇ ಉಳಿಸಿದ್ದೇನೆ.

ಇಂತಿ,
ಮನೆ ಮಾಲೀಕರು, ಕ್ಯಾತಸಂದ್ರ

ಲಗತ್ತು: ಕೊಟೇಶನ್, ಒಪ್ಪಂದ, ವಾರಂಟಿ ಪತ್ರ, ಹಣ ಪಾವತಿ ರಸೀದಿ, 12 ತಿಂಗಳ ಮೀಟರ್ ದಾಖಲೆ ಮತ್ತು ಬೆಸ್ಕಾಂ ಬಿಲ್, ಇನ್ವರ್ಟರ್ ಲಾಗ್, ನೆರಳಿನ ಹಾಗೂ ಕೇಬಲ್ ಮೇಲಿನ ಅಚ್ಚಿನ ಫೋಟೊಗಳು.